ವೀಕ್ಷಕರಿಗೆ ಬಹುಮಾನ: ಸ್ಪರ್ಧೆ ಏರ್ಪಡಿಸುವ ವರ್ತಕರು ಗಮನಿಸಬೇಕಾದ ಅಂಶಗಳು

ಹಬ್ಬದ ದಿನಗಳು ಸಮೀಪಿಸಿದಾಗ ಅಂಗಡಿಯ ಮುಂದೆ ಗಾಜಿನ ಪೆಟ್ಟಿಗೆಯನ್ನಿರಿಸಿ, ಗ್ರಾಹಕರಿಂದ ಚೀಟಿಗಳನ್ನು ಹಾಕಿಸಿ, ಕೊನೆಯ ದಿನ ಚಿಕ್ಕ ಮಗುವೊಂದರ ಕೈಯಿಂದ ಒಂದನ್ನು ಎತ್ತಿಸುವ ಪದ್ಧತಿ ನಮ್ಮ ಭಾಗದ ವರ್ತಕರಿಗೆ ಹಳೆಯದು. ಈಗ ಅದೇ ಪೆಟ್ಟಿಗೆ ಯೂಟ್ಯೂಬ್, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಿಗೆ ಸ್ಥಳಾಂತರಗೊಂಡಿದೆ. ಅಂಗಡಿಯ ಮುಂದಿನ ಪೆಟ್ಟಿಗೆಯನ್ನು ಊರಿನವರು ಕಣ್ಣಾರೆ ಕಾಣುತ್ತಿದ್ದರು, ಚೀಟಿ ಎತ್ತುವ ಮಗುವೂ ಎಲ್ಲರಿಗೂ ಪರಿಚಿತವಾಗಿತ್ತು. ಅಂತರಜಾಲದ ವೀಕ್ಷಕನಿಗೆ ಈ ಎರಡೂ ಇಲ್ಲ. ಆದುದರಿಂದ ಕಣ್ಣಿನ ಸಾಕ್ಷಿ ಮಾಡುತ್ತಿದ್ದ ಕೆಲಸವನ್ನು ಇಂದು ಬರೆದಿಟ್ಟ ನಿಯಮಗಳು ಮಾಡಬೇಕಾಗಿದೆ.

ಈ ವಿಷಯದ ಕಡೆಗೆ ನನ್ನ ಗಮನ ಸೆಳೆದವರು ನನ್ನ ಕಕ್ಷಿದಾರರೊಬ್ಬರು. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅರಿಶಿನ ಪುಡಿ ಹಾಗೂ ಮಸಾಲೆ ಪುಡಿಗಳ ಸಣ್ಣ ಘಟಕವನ್ನು ನಡೆಸುತ್ತಿರುವ ಅವರು ಅಡುಗೆಯ ಯೂಟ್ಯೂಬ್ ವಾಹಿನಿಯೊಂದನ್ನೂ ಹೊಂದಿದ್ದಾರೆ. ಒಂದು ದಸರಾ ಸಂದರ್ಭದಲ್ಲಿ ಅವರು ಫ್ರಿಜ್ ಒಂದನ್ನು ಬಹುಮಾನವಾಗಿ ಘೋಷಿಸಿದರು. ವಾಹಿನಿಗೆ ಚಂದಾದಾರರಾಗಬೇಕು, ಐವರು ಸ್ನೇಹಿತರನ್ನು ಟ್ಯಾಗ್ ಮಾಡಬೇಕು, ಅರ್ಧ ಕಿಲೋ ಮಸಾಲೆ ಪೊಟ್ಟಣದ ಚಿತ್ರವನ್ನು ಕಳುಹಿಸಬೇಕು ಎಂಬುವು ಷರತ್ತುಗಳು. ಕೊನೆಯ ದಿನಾಂಕವನ್ನು ಹೇಳಿರಲಿಲ್ಲ. ಎರಡು ವಾರಗಳ ನಂತರ ಒಂದು ಹೆಸರನ್ನು ಪ್ರಕಟಿಸಿದರು. ವಿಜೇತನು ಅವರ ಪತ್ನಿಯ ಅಣ್ಣನ ಮಗನೆಂಬುದು ಮರುದಿನವೇ ಬಯಲಾಯಿತು. ಆಯ್ಕೆಯಲ್ಲಿ ಮೋಸವಿರಲಿಲ್ಲವೆಂದು ಅವರು ಇಂದಿಗೂ ಹೇಳುತ್ತಾರೆ, ನಾನೂ ನಂಬುತ್ತೇನೆ. ಆದರೆ ಅದನ್ನು ತೋರಿಸಲು ಅವರ ಬಳಿ ಒಂದು ಕಾಗದವೂ ಇರಲಿಲ್ಲ. ಆಕ್ಷೇಪದ ಕಾಮೆಂಟುಗಳನ್ನು ಅಳಿಸಿದಾಗ ಸಂಶಯ ಇಮ್ಮಡಿಯಾಯಿತು. ಇದೇ ಸಮಯದಲ್ಲಿ ವಾಹಿನಿಯ ಹೆಸರು ಮತ್ತು ಚಿಹ್ನೆಯನ್ನು ನಕಲು ಮಾಡಿದ ಯಾರೋ ಒಬ್ಬರು, ‘ನಿಮಗೂ ಬಹುಮಾನ ಬಂದಿದೆ’ ಎಂದು ವೀಕ್ಷಕರೊಬ್ಬರನ್ನು ನಂಬಿಸಿ ಕೊರಿಯರ್ ವೆಚ್ಚವೆಂದು ₹1,500 ಕಿತ್ತುಕೊಂಡರು. ಅಂತಿಮವಾಗಿ ಇಬ್ಬರು ಬಿಡಿ ವರ್ತಕರು ಸರಕಿನ ಬೇಡಿಕೆಯನ್ನೇ ನಿಲ್ಲಿಸಿದರು.

ಮರುವರ್ಷ ಅವರು ಸ್ಪರ್ಧೆಯನ್ನು ಮತ್ತೆ ನಡೆಸಿದರು, ಈ ಬಾರಿ ಮೊದಲೇ ಕುಳಿತು ಚರ್ಚಿಸಿ. ಆಗ ಪರಿಶೀಲಿಸಿದ ಅಂಶಗಳನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸಲಾಗಿದೆ.

ಪ್ರವೇಶಕ್ಕೆ ಹಣ ಸಲ್ಲದು

ಮೊದಲನೆಯ ಪ್ರಶ್ನೆ: ಬಹುಮಾನ ಯೋಜನೆಯು ಯಾವಾಗ ಲಾಟರಿಯಾಗುತ್ತದೆ? ಬಹುಮಾನ, ಅದೃಷ್ಟದ ಆಯ್ಕೆ ಮತ್ತು ಭಾಗವಹಿಸುವವನು ತೆರುವ ಪ್ರತಿಫಲ, ಈ ಮೂರೂ ಕೂಡಿದಾಗ. ಮೂರನೆಯದನ್ನು ತೆಗೆದುಹಾಕಿದರೆ ಅದು ಲಾಟರಿಯಾಗಿ ಉಳಿಯುವುದಿಲ್ಲ.

ನಮ್ಮ ಗಡಿಭಾಗದಲ್ಲಿ ಈ ವಿಷಯ ಸುಲಭವಾಗಿ ಮಸುಕಾಗುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಅರಣ್ಯ ದಾಟಿ ವಯನಾಡಿನ ಸುಲ್ತಾನ್ ಬತ್ತೇರಿ ತಲುಪಿದರೆ ಬೀದಿ ಬೀದಿಯಲ್ಲಿ ಲಾಟರಿ ಟಿಕೆಟ್ ದೊರೆಯುತ್ತದೆ. 2024ರಲ್ಲಿ ₹25 ಕೋಟಿಯ ಓಣಂ ಬಂಪರ್ ಬಹುಮಾನ ಬಂದದ್ದು ಮಂಡ್ಯ ಜಿಲ್ಲೆಯ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ. ಆ ಟಿಕೆಟ್ ಮಾರಾಟವಾದದ್ದು ಸುಲ್ತಾನ್ ಬತ್ತೇರಿಯಲ್ಲಿ. ಆದರೆ ಅದು 1967ರಿಂದ ಕೇರಳ ಸರ್ಕಾರವೇ ನಡೆಸುತ್ತಿರುವ ಲಾಟರಿ. ಕರ್ನಾಟಕದಲ್ಲಿ ಲಾಟರಿ 2007ರಲ್ಲಿಯೇ ನಿಂತಿದೆ. ಸರ್ಕಾರದ್ದಲ್ಲದ, ಸರ್ಕಾರದ ಅಧಿಕಾರವೂ ಇಲ್ಲದ ಲಾಟರಿಯನ್ನು ನಡೆಸಲು ಕಚೇರಿ ಅಥವಾ ಸ್ಥಳವನ್ನಿರಿಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 297ರ ಪ್ರಕಾರ ಆರು ತಿಂಗಳವರೆಗಿನ ಕಾರಾವಾಸಕ್ಕೆ ಅರ್ಹವಾದ ಅಪರಾಧ. ಅಂತಹ ಲಾಟರಿಯ ಬಹುಮಾನದ ಪ್ರಸ್ತಾವವನ್ನು ಪ್ರಕಟಿಸುವವನಿಗೂ ₹5,000ವರೆಗೆ ದಂಡವಿದೆ. ಮೊದಲಿನ ದಂಡ ಸಂಹಿತೆಯ ಕಲಂ 294ಎ ಇದೇ ಆಗಿತ್ತು.

‘ನಾನು ಟಿಕೆಟ್ ಮಾರಿಲ್ಲವಲ್ಲ’ ಎಂದು ವರ್ತಕರು ಕೇಳುವುದುಂಟು. ಆದರೆ ಅರ್ಧ ಕಿಲೋ ಪೊಟ್ಟಣ ಕೊಂಡವನಿಗೆ ಮಾತ್ರ ಪ್ರವೇಶವೆಂದರೆ, ಪೊಟ್ಟಣದ ಬೆಲೆಯೊಳಗೆ ಟಿಕೆಟ್ಟಿನ ಬೆಲೆಯೂ ಅಡಗಿದೆಯೆಂದು ವಾದಿಸಲು ಅವಕಾಶ ಕೊಟ್ಟಂತಾಗುತ್ತದೆ. ಪ್ರತಿ ತಿಂಗಳು ಕಂತು ಕಟ್ಟಿಸಿಕೊಂಡು ಡ್ರಾ ಎತ್ತಿ ಸ್ಕೂಟರ್ ಕೊಡುವ ‘ಸ್ಕೀಮು’ಗಳಂತೂ 1978ರ ಬಹುಮಾನ ಚೀಟಿ ನಿಷೇಧ ಅಧಿನಿಯಮದ ವ್ಯಾಪ್ತಿಗೇ ಬರಬಹುದಾದವು, ಅವುಗಳನ್ನು ಈ ಲೇಖನದ ಸ್ಪರ್ಧೆಗಳೊಡನೆ ಬೆರೆಸಕೂಡದು.

ವೀಕ್ಷಕರ ಸ್ಪರ್ಧೆಯ ಬಗೆಗೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಒಂದು ಪ್ರಕರಣ ಇಲ್ಲಿ ಉಲ್ಲೇಖನೀಯ. 2007ರ ಜನವರಿಯಿಂದ ಏಪ್ರಿಲ್‌ವರೆಗೆ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದ ಜೊತೆಯಲ್ಲಿ ‘ಹರ್ ಸೀಟ್ ಹಾಟ್ ಸೀಟ್’ ಎಂಬ ವೀಕ್ಷಕರ ಸ್ಪರ್ಧೆ ನಡೆಯಿತು. ಪ್ರಶ್ನೆಗೆ ಎಸ್‌ಎಂಎಸ್ ಮೂಲಕ ಸರಿಯುತ್ತರ ಕಳುಹಿಸಿದವರಲ್ಲಿ ಒಬ್ಬರನ್ನು ಯಾದೃಚ್ಛಿಕವಾಗಿ ಆರಿಸಿ ಪ್ರತಿ ಕಂತಿಗೆ ₹2 ಲಕ್ಷ ನೀಡಲಾಗುತ್ತಿತ್ತು. ಒಂದು ಸಂದೇಶಕ್ಕೆ ₹2.40 ವೆಚ್ಚ. ಸ್ಪರ್ಧೆ ಉಚಿತವೆಂಬ ಭಾವನೆ ಮೂಡಿಸಿ, ಬಹುಮಾನದ ಹಣವನ್ನು ಎಸ್‌ಎಂಎಸ್ ಶುಲ್ಕದಿಂದಲೇ ವಸೂಲು ಮಾಡಲಾಗಿದೆಯೆಂದು ಸೊಸೈಟಿ ಆಫ್ ಕೆಟಲಿಸ್ಟ್ಸ್ ಎಂಬ ಗ್ರಾಹಕ ಸಂಸ್ಥೆ ದೂರಿತು. ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಸ್ಟಾರ್ ಇಂಡಿಯಾ ಮತ್ತು ಏರ್‌ಟೆಲ್ ಸಂಸ್ಥೆಗಳು ಒಟ್ಟಾಗಿ ₹1 ಕೋಟಿ ದಂಡರೂಪದ ಪರಿಹಾರ ತೆರಬೇಕೆಂದು ಆದೇಶಿಸಿತು. ಬಹುಮಾನದ ಹಣ ಎಸ್‌ಎಂಎಸ್ ಆದಾಯದಿಂದಲೇ ಬಂದಿತೆಂಬುದಕ್ಕೆ ಪುರಾವೆಯನ್ನು ಒದಗಿಸಿಲ್ಲವೆಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್.

ಸಂಸ್ಥೆಗಳು ಗೆದ್ದವು, ನಿಜ. ಆದರೆ ಗೆಲುವು ದೊರೆತದ್ದು ಪುರಾವೆಯ ಕೊರತೆಯಿಂದ, ಅದೂ ಹನ್ನೊಂದು ವರ್ಷಗಳ ನಂತರ. ಸಣ್ಣ ವರ್ತಕನಿಗೆ ಅಷ್ಟು ಕಾಯುವ ಶಕ್ತಿಯಿಲ್ಲ. ಬಹುಮಾನದ ವೆಚ್ಚವು ತನ್ನ ಜಾಹೀರಾತು ಖಾತೆಯಿಂದ ಹೋಯಿತೆಂದು ಲೆಕ್ಕದ ಪುಸ್ತಕವೇ ಹೇಳುವಂತೆ ಮೊದಲ ದಿನವೇ ಏರ್ಪಾಡು ಮಾಡಿಕೊಳ್ಳುವುದು ಲೇಸು.

ಇನ್ನೊಂದು ಎಚ್ಚರಿಕೆಯನ್ನು ಮುಚ್ಚಿಡದೆ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಕಲಂ 2(47) ‘ಅನುಚಿತ ವ್ಯಾಪಾರ ಪದ್ಧತಿ’ಗಳನ್ನು ಪಟ್ಟಿ ಮಾಡುತ್ತದೆ. ಕೊಡುವ ಉದ್ದೇಶವಿಲ್ಲದೆ ಬಹುಮಾನ ಘೋಷಿಸುವುದು, ವೆಚ್ಚವನ್ನು ವ್ಯವಹಾರದ ಮೊತ್ತದಲ್ಲಿಯೇ ಸೇರಿಸಿ ಉಚಿತವೆನ್ನುವುದು, ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನು ತಿಳಿಸದಿರುವುದು, ಇವೆಲ್ಲ ಅದರಲ್ಲಿವೆ. ಇವಲ್ಲದೆ, ಮಾರಾಟ ಅಥವಾ ವ್ಯಾಪಾರ ಹಿತವನ್ನು ಪ್ರತ್ಯಕ್ಷವಾಗಿಯೋ ಪರೋಕ್ಷವಾಗಿಯೋ ಬೆಳೆಸಲು ನಡೆಸುವ ಸ್ಪರ್ಧೆ, ಲಾಟರಿ, ಅದೃಷ್ಟದ ಅಥವಾ ಕೌಶಲದ ಆಟಗಳೂ, ನಿಯಮಗಳಲ್ಲಿ ವಿನಾಯಿತಿ ಪಡೆದವುಗಳ ಹೊರತು, ಅದರಲ್ಲಿ ಸೇರಿವೆ. ಈ ಮಾತಿನ ಹರವು ಬಹು ದೊಡ್ಡದು. ಖರೀದಿಗೂ ಸ್ಪರ್ಧೆಗೂ ಯಾವ ನಂಟನ್ನೂ ಇಡದಿರುವುದು, ಬಹುಮಾನದ ಮೌಲ್ಯವನ್ನು ಮಿತವಾಗಿಡುವುದು, ದೊಡ್ಡ ಬಹುಮಾನವಾದರೆ ಮೊದಲೇ ವಕೀಲರ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ. ಕೊಂಡವರಿಗೆಲ್ಲ ಏನಾದರೂ ಕೊಡಲೇಬೇಕೆಂಬ ಇಚ್ಛೆಯಿದ್ದಲ್ಲಿ ಸ್ಪರ್ಧೆಯ ಗೊಡವೆಗೆ ಹೋಗದೆ, ಪ್ರತಿ ಪೊಟ್ಟಣಕ್ಕೂ ಖಚಿತವಾದ ಒಂದು ಸಣ್ಣ ಕೊಡುಗೆಯನ್ನಿಡುವುದು ಮೇಲು. ಅಲ್ಲಿ ಅದೃಷ್ಟದ ಪ್ರಶ್ನೆಯೇ ಬರುವುದಿಲ್ಲ.

ವೇದಿಕೆಗಳ ನಿಯಮಗಳು

ದೇಶದ ಕಾನೂನಿನ ಜೊತೆಗೆ ವೇದಿಕೆಯ ಮಾಲೀಕರ ನಿಯಮಗಳೂ ಇವೆ. ಇವನ್ನು ಮೀರಿದರೆ ನ್ಯಾಯಾಲಯದ ನೋಟಿಸು ಬರುವುದಿಲ್ಲ. ವಿಡಿಯೋ ಅಥವಾ ವಾಹಿನಿಯೇ ಕಣ್ಮರೆಯಾಗಬಹುದು.

ಯೂಟ್ಯೂಬ್ ಪ್ರಕಾರ ಸ್ಪರ್ಧೆಗೆ ಪ್ರವೇಶ ಉಚಿತವಾಗಿರಬೇಕು; ಅಧಿಕೃತ ನಿಯಮಪತ್ರವೊಂದಿರಬೇಕು; ಆ ಪತ್ರದಲ್ಲಿ ಯೂಟ್ಯೂಬ್‌ನ ಸಮುದಾಯ ಮಾರ್ಗಸೂಚಿಗಳ ಕೊಂಡಿ ಇರಬೇಕು; ಯೂಟ್ಯೂಬ್ ಪ್ರಾಯೋಜಕನಲ್ಲವೆಂದೂ, ಸ್ಪರ್ಧೆಯ ಹೊಣೆಯಿಂದ ಅದನ್ನು ಭಾಗವಹಿಸುವವರು ಮುಕ್ತಗೊಳಿಸುತ್ತಾರೆಂದೂ ಬರೆದಿರಬೇಕು. ಸಂಗ್ರಹಿಸುವ ಖಾಸಗಿ ವಿವರಗಳನ್ನು ಹೇಗೆ ಬಳಸಲಾಗುವುದೆಂದು ತಿಳಿಸಬೇಕು. ಸ್ಪರ್ಧಿಯು ಕಳುಹಿಸಿದ ಚಿತ್ರ ಅಥವಾ ವಿಡಿಯೋದ ಸಂಪೂರ್ಣ ಒಡೆತನವನ್ನು ಬರೆಸಿಕೊಳ್ಳುವಂತಿಲ್ಲ. ವೀಕ್ಷಣೆ, ಮೆಚ್ಚುಗೆ, ಚಂದಾದಾರರ ಸಂಖ್ಯೆಗಳನ್ನು ಸ್ಪರ್ಧೆಯ ಮೂಲಕ ಕೃತಕವಾಗಿ ಏರುಪೇರು ಮಾಡುವಂತಿಲ್ಲ.

ಈ ಕೊನೆಯ ನಿಯಮವೇ ಹೆಚ್ಚು ಮುರಿಯಲ್ಪಡುವುದು. ಚಂದಾದಾರರಾಗಿರೆಂದು ವಿನಂತಿಸುವುದು ಬೇರೆ, ಚಂದಾದಾರರಾದರಷ್ಟೇ ಬಹುಮಾನವೆನ್ನುವುದು ಬೇರೆ. ಎರಡನೆಯದು ಈ ನಿಯಮದ ಅಂಚಿಗೆ ಹೋಗಿ ನಿಂತಂತೆ. ಅದಕ್ಕಿಂತಲೂ ವ್ಯಾವಹಾರಿಕವಾದ ಆಕ್ಷೇಪವೊಂದಿದೆ: ಬಳಕೆದಾರನು ತನ್ನ ಚಂದಾ ವಿವರವನ್ನು ಖಾಸಗಿಯಾಗಿಡಬಹುದಾದುದರಿಂದ, ಯಾರು ಚಂದಾದಾರರು ಎಂಬುದನ್ನು ವಾಹಿನಿಯವರು ಪೂರ್ಣವಾಗಿ ಪರಿಶೀಲಿಸಲಾರರು. ಪರಿಶೀಲಿಸಲಾಗದ ಷರತ್ತು ಬೇಡವಾದವನನ್ನು ಹೊರಗಿಡುವ ನೆಪವಾಗುತ್ತದೆ. ಅಂತಹ ಷರತ್ತನ್ನು ಇಡದಿರುವುದೇ ನ್ಯಾಯ.

ಫೇಸ್‌ಬುಕ್‌ನಲ್ಲಿ ವ್ಯಾಪಾರದ ಪೇಜ್, ಗ್ರೂಪ್ ಅಥವಾ ಈವೆಂಟ್ ಮೂಲಕ ಸ್ಪರ್ಧೆ ನಡೆಸಬಹುದು. ಪೋಸ್ಟಿಗೆ ಬಂದ ಕಾಮೆಂಟನ್ನು ಪ್ರವೇಶವೆಂದು ಪರಿಗಣಿಸಬಹುದು. ಆದರೆ ‘ನಿಮ್ಮ ಟೈಮ್‌ಲೈನಿನಲ್ಲಿ ಹಂಚಿಕೊಳ್ಳಿ’, ‘ಸ್ನೇಹಿತರನ್ನು ಟ್ಯಾಗ್ ಮಾಡಿ’ ಎಂಬುವನ್ನು ಪ್ರವೇಶದ ಷರತ್ತಾಗಿಸುವಂತಿಲ್ಲ. ನಮ್ಮ ಪೇಟೆಯ ಸ್ಪರ್ಧೆಗಳಲ್ಲಿ ಹೆಚ್ಚಿನವು ಈ ಒಂದೇ ಸಾಲಿನಲ್ಲಿ ತಪ್ಪುತ್ತವೆ. ಇನ್‌ಸ್ಟಾಗ್ರಾಂ ಕೂಡ, ಚಿತ್ರದಲ್ಲಿ ಇಲ್ಲದವರನ್ನು ಚಿತ್ರಕ್ಕೆ ಟ್ಯಾಗ್ ಮಾಡುವಂತೆ ಪ್ರೇರೇಪಿಸಬಾರದೆನ್ನುತ್ತದೆ. ಪ್ರಾಯೋಜಕತ್ವದ ನಿರಾಕರಣೆ ಮತ್ತು ಹೊಣೆಮುಕ್ತಿಯ ವಾಕ್ಯಗಳು ಎರಡು ಕಡೆಯೂ ಕಡ್ಡಾಯ. ಈ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸ್ಪರ್ಧೆ ಪ್ರಕಟಿಸುವ ದಿನದ ಪುಟವನ್ನು ಮುದ್ರಿಸಿ ಕಡತದಲ್ಲಿಡುವುದು ಒಳ್ಳೆಯದು.

ಬಂಡೀಪುರದ ಛಾಯಾಚಿತ್ರ ಸ್ಪರ್ಧೆಗಳು

ಬಂಡೀಪುರದ ಆಸುಪಾಸಿನ ವಸತಿಗೃಹ, ಹೋಟೆಲ್ ಮತ್ತು ಪ್ರವಾಸಿ ವಾಹನ ವ್ಯವಹಾರಸ್ಥರಿಗೆ ಇಲ್ಲಿ ವಿಶೇಷವಾದ ಒಂದು ಮಾತಿದೆ. ‘ಬಂಡೀಪುರದಲ್ಲಿ ತೆಗೆದ ಉತ್ತಮ ವನ್ಯಜೀವಿ ಚಿತ್ರಕ್ಕೆ ಬಹುಮಾನ’ ಎಂಬ ಘೋಷಣೆ ಮೇಲ್ನೋಟಕ್ಕೆ ನಿರಪಾಯಕಾರಿ. ಆದರೆ ಊಟಿಯ ಕಡೆಗೂ ವಯನಾಡಿನ ಕಡೆಗೂ ಹೋಗುವ ಎರಡು ಹೆದ್ದಾರಿಗಳು ಈ ಅರಣ್ಯವನ್ನು ಹಾದುಹೋಗುತ್ತವೆ. ಅಲ್ಲಿ ವಾಹನ ನಿಲ್ಲಿಸುವುದಕ್ಕೂ ಪ್ರಾಣಿಗಳ ಬಳಿ ಹೋಗುವುದಕ್ಕೂ ನಿರ್ಬಂಧವಿದೆ. 2025ರ ಆಗಸ್ಟ್‌ನಲ್ಲಿ ರಸ್ತೆಯ ಬದಿ ಕಾಡಾನೆಯ ಜೊತೆ ಸೆಲ್ಫಿ ತೆಗೆಯಲು ಹೋದ ವ್ಯಕ್ತಿಯೊಬ್ಬರು ಆನೆಯ ದಾಳಿಗೆ ಸಿಕ್ಕು ಪ್ರಾಣಾಪಾಯದಿಂದ ಪಾರಾದರು. ಅರಣ್ಯ ಇಲಾಖೆ ಅವರಿಗೆ ₹25,000 ದಂಡ ವಿಧಿಸಿತು. ನಮ್ಮ ಬಹುಮಾನದ ಆಸೆಯಿಂದ ಒಬ್ಬನು ಹಾಗೆ ಕೆಳಗಿಳಿದರೆ ನಿಯಮಪತ್ರದ ಯಾವ ಹೊಣೆಮುಕ್ತಿಯ ವಾಕ್ಯವೂ ಮನಸ್ಸಿಗೆ ಸಮಾಧಾನ ನೀಡದು.

ಆದುದರಿಂದ ವಿಷಯವನ್ನೇ ಬದಲಿಸುವುದು ಉತ್ತಮ. ಹೊಲದ ಮಾಲೀಕರ ಅನುಮತಿ ಪಡೆದು ತೆಗೆದ ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳ ಚಿತ್ರ, ಅರಿಶಿನ ಬೇಯಿಸುವ ಕಣದ ಚಿತ್ರ, ಇವು ಅಪಾಯವಿಲ್ಲದವು. ವನ್ಯಜೀವಿಯೇ ಬೇಕೆಂದಾದರೆ ಅರಣ್ಯ ಇಲಾಖೆಯ ಸಫಾರಿ ವಾಹನದೊಳಗಿನಿಂದ ತೆಗೆದವು ಮಾತ್ರವೆಂದು ಬರೆದು, ಸಫಾರಿ ಟಿಕೆಟ್ಟಿನ ಪ್ರತಿಯನ್ನು ವಿಜೇತರಿಂದ ಕೇಳಬೇಕು. ಹೆದ್ದಾರಿಯಲ್ಲಿ ತೆಗೆದಂತೆ ಕಾಣುವ ಚಿತ್ರಗಳನ್ನು ತಿರಸ್ಕರಿಸಲಾಗುವುದೆಂಬುದನ್ನೂ ಮೊದಲೇ ಪ್ರಕಟಿಸಬೇಕು. ಚಿತ್ರ ಸ್ಪರ್ಧೆಗೆ ತೀರ್ಪುಗಾರರು ಯಾರು, ಯಾವ ಅಂಶಕ್ಕೆ ಎಷ್ಟು ಅಂಕ ಎಂಬುದು ನಿಯಮಪತ್ರದಲ್ಲಿದ್ದರೆ ಆಕ್ಷೇಪಕ್ಕೆ ಎಡೆಯಿರದು.

ನ್ಯಾಯಸಮ್ಮತವಾದ ಆಯ್ಕೆ

ಇನ್ನು ಕಕ್ಷಿದಾರರ ಎರಡನೆಯ ಸ್ಪರ್ಧೆಯ ವಿವರ. ಪ್ರವೇಶಕ್ಕಿದ್ದುದು ಒಂದೇ ಷರತ್ತು: ‘ನಿಮ್ಮ ಮನೆಯಲ್ಲಿ ಅರಿಶಿನವನ್ನು ಅಡುಗೆಯ ಹೊರತಾಗಿ ಯಾವುದಕ್ಕೆ ಬಳಸುವಿರಿ?’ ಎಂಬ ಪ್ರಶ್ನೆಗೆ ವಿಡಿಯೋದ ಕೆಳಗೆ ಒಂದು ಕಾಮೆಂಟ್. ಖರೀದಿಯಿಲ್ಲ, ಟ್ಯಾಗ್ ಇಲ್ಲ. ಅವಧಿ ಹದಿನೈದು ದಿನ, ಮುಕ್ತಾಯ ರಾತ್ರಿ 9 ಗಂಟೆಗೆ.

ಮುಕ್ತಾಯದ ಸಮಯವನ್ನು ಜಾರಿಗೆ ತರುವುದೇ ಮೊದಲ ತೊಡಕು. ಯೂಟ್ಯೂಬ್‌ನಲ್ಲಿ ಕಾಮೆಂಟಿನ ಪಕ್ಕದಲ್ಲಿ ನಿಖರ ಗಂಟೆ ಕಾಣುವುದಿಲ್ಲ. ‘2 ದಿನಗಳ ಹಿಂದೆ’ ಎಂದಷ್ಟೇ ಕಾಣುತ್ತದೆ. ಆದುದರಿಂದ 9 ಗಂಟೆಗೆ ವಿಡಿಯೋದ ಕಾಮೆಂಟ್ ವ್ಯವಸ್ಥೆಯನ್ನು Pause ಮಾಡಬೇಕು. ಆಗ ಬಂದಿರುವ ಕಾಮೆಂಟುಗಳು ಉಳಿದು, ಹೊಸವು ನಿಲ್ಲುತ್ತವೆ. Off ಎಂಬುದನ್ನು ಒತ್ತಿದರೆ ಇರುವ ಕಾಮೆಂಟುಗಳೂ ಮರೆಯಾಗಿ ವೀಕ್ಷಕರಲ್ಲಿ ಸಂಶಯ ಹುಟ್ಟುತ್ತದೆ. ನಮ್ಮ ಕಕ್ಷಿದಾರರು ಒತ್ತಿದ್ದು 9 ಗಂಟೆ ಕಳೆದು ಸ್ವಲ್ಪ ತಡವಾಗಿ. ಆ ನಡುವೆಯೇ 41 ಕಾಮೆಂಟುಗಳು ಬಂದವು. ಗಂಟೆಯ ಹೊತ್ತಿಗೆ ಪರದೆಯನ್ನು ದಾಖಲಿಸಿಕೊಂಡಿದ್ದುದರಿಂದ ಅವನ್ನು ಗುರುತಿಸಿ ಬಿಡಲು ಸಾಧ್ಯವಾಯಿತು.

ಎರಡನೆಯದು, ಕಾಣದ ಕಾಮೆಂಟುಗಳು. ಯೂಟ್ಯೂಬ್ ಸಂಶಯಾಸ್ಪದವೆಂದು ಕಂಡ ಕಾಮೆಂಟುಗಳನ್ನು ತಾನಾಗಿಯೇ ತಡೆಹಿಡಿಯುತ್ತದೆ. ಅವು YouTube Studio ಒಳಗಿನ Held for review ಭಾಗದಲ್ಲಿರುತ್ತವೆ. ಪ್ರಾಮಾಣಿಕ ವೀಕ್ಷಕನ ಪ್ರವೇಶವೂ ಅಲ್ಲಿ ಸಿಕ್ಕಿಬಿದ್ದಿರಬಹುದು. ಪ್ರತಿದಿನ ಒಮ್ಮೆ ಅದನ್ನು ನೋಡಿ ಸರಿಯಾದವನ್ನು ಬಿಡುಗಡೆ ಮಾಡದಿದ್ದರೆ ಪಟ್ಟಿ ಅಪೂರ್ಣವಾಗುತ್ತದೆ. ಕಾಮೆಂಟುಗಳಿಂದ ಹೆಸರು ಆರಿಸುವ ಜಾಲತಾಣಗಳನ್ನು ಬಳಸುವವರು, ಅದು ಓದಿಕೊಂಡ ಕಾಮೆಂಟುಗಳ ಸಂಖ್ಯೆಯನ್ನು ವಿಡಿಯೋದ ಕೆಳಗಿನ ಸಂಖ್ಯೆಯೊಡನೆ ತಾಳೆ ನೋಡಬೇಕು. ಅಂತರವಿದ್ದಲ್ಲಿ ಕಾರಣ ತಿಳಿಯದೆ ಮುಂದುವರಿಯಕೂಡದು.

ಒಟ್ಟು ಬಂದ ಕಾಮೆಂಟುಗಳು 1,346. ಅವುಗಳಲ್ಲಿ ಒಬ್ಬರೇ ಮತ್ತೆ ಮತ್ತೆ ಬರೆದವು 298, ಪ್ರಶ್ನೆಗೆ ಉತ್ತರವಲ್ಲದವು 86, ಅವಧಿ ಮೀರಿದವು 41, ಘಟಕದ ನೌಕರರು ಮತ್ತು ಸಂಬಂಧಿಕರವು 9. ಇವನ್ನು ಕಳೆದಾಗ ಉಳಿದವು 912. ಈ ಕಳೆಯುವ ಕೆಲಸ ಆಯ್ಕೆಗೆ ಮೊದಲೇ ಮುಗಿಯಬೇಕೆಂಬುದು ಮುಖ್ಯ. ಹೆಸರು ಎತ್ತಿದ ಬಳಿಕ ‘ಇವರು ಅನರ್ಹರು’ ಎಂದರೆ ಯಾರೂ ನಂಬುವುದಿಲ್ಲ. 912 ಹೆಸರುಗಳಿಗೆ ಕಾಮೆಂಟಿನ ಕ್ರಮದಲ್ಲಿ 1ರಿಂದ 912ರವರೆಗೆ ಸಂಖ್ಯೆ ನೀಡಿ, ಕಾಮೆಂಟಿನಲ್ಲಿ ಕಾಣುವ ಹೆಸರಷ್ಟನ್ನೇ ಹಾಕಿ, ಆಯ್ಕೆಯ ಹಿಂದಿನ ದಿನ ಪಟ್ಟಿಯನ್ನು ಪ್ರಕಟಿಸಲಾಯಿತು. ತನ್ನ ಹೆಸರಿಲ್ಲವೆಂದು ಹೇಳಲು ಎಲ್ಲರಿಗೂ 24 ಗಂಟೆ ಅವಕಾಶವಿತ್ತು.

ಆಯ್ಕೆಗೆ ಕಂಪ್ಯೂಟರ್ ಬಳಸುವುದು ಸುಲಭ. ಎಕ್ಸೆಲ್ ಹಾಳೆಯಲ್ಲಿ ಕೆಳಗಿನ ಸೂತ್ರ ಸಾಕು:

```
=RANDBETWEEN(1,912)
```

ಆದರೆ ಈ ಸೂತ್ರ F9 ಒತ್ತಿದಾಗಲೆಲ್ಲ ಹೊಸ ಸಂಖ್ಯೆ ಕೊಡುತ್ತದೆ. ಬೇಕಾದ ಹೆಸರು ಬರುವವರೆಗೆ ಒತ್ತಿ, ಕೊನೆಯದನ್ನು ಮಾತ್ರ ತೋರಿಸಲು ಅಡ್ಡಿಯಿಲ್ಲ. ಆದುದರಿಂದ ನೇರಪ್ರಸಾರದಲ್ಲಿ, ಎಷ್ಟು ಬಾರಿ ಒತ್ತಲಾಗುವುದೆಂದು ಮೊದಲೇ ಹೇಳಿ ಮಾಡಿದರೆ ಮಾತ್ರ ಅದಕ್ಕೆ ಬೆಲೆ.

ನಾವು ಆರಿಸಿಕೊಂಡದ್ದು ಕಣ್ಣಿಗೆ ಕಾಣುವ ಹಳೆಯ ವಿಧಾನವನ್ನು. 0ಯಿಂದ 9ರವರೆಗಿನ ಹತ್ತು ಒಂದೇ ಗಾತ್ರದ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ, ಒಂದನ್ನು ತೆಗೆದು ಬರೆದುಕೊಂಡು, ಚೀಲಕ್ಕೆ ಹಿಂತಿರುಗಿಸಿ, ಹೀಗೆ ಮೂರು ಬಾರಿ ತೆಗೆದರೆ ಮೂರಂಕಿಯ ಒಂದು ಸಂಖ್ಯೆ ದೊರೆಯುತ್ತದೆ. ಲೆಕ್ಕ ಪರಿಶೋಧನೆಯಲ್ಲಿ ವೋಚರುಗಳ ಮಾದರಿ ಆರಿಸಲು ನಾವು ಬಳಸುತ್ತಿದ್ದ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದ ತತ್ತ್ವವೇ ಇದು. ಸಂಖ್ಯೆ 000 ಅಥವಾ 912ಕ್ಕಿಂತ ಹೆಚ್ಚಾಗಿದ್ದಲ್ಲಿ ಮೂರೂ ಅಂಕಿಗಳನ್ನು ಬಿಟ್ಟು ಮೊದಲಿನಿಂದ ತೆಗೆಯಬೇಕು.

ಇಲ್ಲಿಯೇ ಒಂದು ತಪ್ಪು ಸಂಭವಿಸುತ್ತದೆ. 917 ಬಂದಾಗ ‘ಕೊನೆಯ ಅಂಕಿಯನ್ನು ಮಾತ್ರ ಮತ್ತೆ ತೆಗೆಯೋಣ’ ಎಂದು ಯಾರಾದರೂ ಸೂಚಿಸುತ್ತಾರೆ. ಹಾಗೆ ಮಾಡಿದಲ್ಲಿ 9 ಮತ್ತು 1 ಬಂದ ಮೇಲೆ ಉಳಿಯುವುದು 910, 911, 912 ಎಂಬ ಮೂರೇ ಸಂಖ್ಯೆಗಳು. 9 ಮತ್ತು 1 ಬರುವ ಸಾಧ್ಯತೆ ನೂರರಲ್ಲಿ ಒಂದು. ಅದು ಮೂವರಲ್ಲಿ ಹಂಚಿಕೆಯಾದಾಗ ಪ್ರತಿಯೊಬ್ಬರಿಗೂ ಮುನ್ನೂರರಲ್ಲಿ ಒಂದು ಅವಕಾಶ. 308ನೆಯವನಿಗೆ ಇರುವುದು ಸಾವಿರದಲ್ಲಿ ಒಂದು. ಯಾರ ಮನಸ್ಸಿನಲ್ಲಿಯೂ ಕೇಡಿಲ್ಲದೆ ಮೂವರಿಗೆ ಮೂರು ಪಟ್ಟಿಗೂ ಮಿಗಿಲಾದ ಲಾಭವಾಗುತ್ತದೆ.

ಅಂದು ಮೊದಲು ಬಂದದ್ದು 947, ಬಿಟ್ಟೆವು. ನಂತರ 308 ಬಂದಿತು. ಅದೇ ಕ್ರಮದಲ್ಲಿ ಇನ್ನಿಬ್ಬರು ವಿಜೇತರನ್ನೂ ಇಬ್ಬರು ಬದಲಿ ವಿಜೇತರನ್ನೂ ಆರಿಸಲಾಯಿತು. ಬದಲಿಯವರು ಏಕೆಂದರೆ, ವಿಜೇತನು ಏಳು ದಿನಗಳೊಳಗೆ ಉತ್ತರಿಸದಿದ್ದಲ್ಲಿ ಎರಡನೆಯ ಬಾರಿ ಚೀಲ ಹಿಡಿಯುವ ಪ್ರಸಂಗ ಬರಬಾರದು. ಘಟಕಕ್ಕೆ ಸಂಬಂಧಿಸದ ಇಬ್ಬರು ಸಾಕ್ಷಿಗಳು ಸಹಿ ಹಾಕಿದ ಒಂದು ಪುಟದ ನಡಾವಳಿ, ಪಟ್ಟಿ ಮತ್ತು ಕತ್ತರಿಸದ ವಿಡಿಯೋ, ಇವಿಷ್ಟು ಕಡತದಲ್ಲಿವೆ.

ತೆರಿಗೆಯ ಲೆಕ್ಕ

ಮೊದಲ ವರ್ಷ ಕೊಟ್ಟ ಫ್ರಿಜ್ಜಿನ ಬೆಲೆ ಜಿಎಸ್‌ಟಿ ಸೇರಿ ₹18,000. ಇದರ ತೆರಿಗೆಯನ್ನು ಯಾರೂ ಯೋಚಿಸಿರಲಿಲ್ಲ. ಆದಾಯ ತೆರಿಗೆಯ ಉದ್ದೇಶಕ್ಕೆ ‘ಲಾಟರಿ’ ಎಂಬ ಪದದಲ್ಲಿ, ಯಾವುದೇ ಹೆಸರಿನ ಯೋಜನೆಯಡಿ ಚೀಟಿ ಎತ್ತಿಯೋ ಅದೃಷ್ಟದಿಂದಲೋ ಬೇರಾವುದೇ ರೀತಿಯಿಂದಲೋ ನೀಡುವ ಬಹುಮಾನವೂ ಸೇರುತ್ತದೆ. ದಂಡ ಸಂಹಿತೆಯ ಮಟ್ಟಿಗೆ ಲಾಟರಿಯಲ್ಲದ ಉಚಿತ ಸ್ಪರ್ಧೆಯೂ ತೆರಿಗೆಯ ಮಟ್ಟಿಗೆ ಲಾಟರಿಯೇ. ಈ ವ್ಯತ್ಯಾಸವನ್ನು ಮರೆಯಬಾರದು.

1961ರ ಅಧಿನಿಯಮದ ಕಲಂ 194ಬಿ ಪ್ರಕಾರ ಇಂತಹ ಬಹುಮಾನ ₹10,000 ಮೀರಿದಲ್ಲಿ ಕೊಡುವವನು ಶೇ. 30 ತೆರಿಗೆಯನ್ನು ಮೂಲದಲ್ಲಿಯೇ ಕಡಿತಗೊಳಿಸಬೇಕು. 2025ರ ಏಪ್ರಿಲ್ 1ರಿಂದ ಈ ಮಿತಿ ಪ್ರತಿಯೊಂದು ವ್ಯವಹಾರಕ್ಕೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಅಧಿನಿಯಮದಲ್ಲಿ ಈ ಕಡಿತವು ಕಲಂ 393ರ ಪಟ್ಟಿಯೊಳಗೆ ಸೇರಿದೆ. ಲೆಕ್ಕಪರಿಶೋಧನೆಗೆ ಒಳಪಡದ ಸಣ್ಣ ವರ್ತಕನಿಗೂ ಇದರಿಂದ ವಿನಾಯಿತಿಯಿಲ್ಲ.

ಬಹುಮಾನ ವಸ್ತುರೂಪದಲ್ಲಿದ್ದಾಗ ಕಡಿತಗೊಳಿಸುವುದು ಎಲ್ಲಿಂದ? ತೆರಿಗೆ ಪಾವತಿಯಾಗಿದೆಯೆಂದು ಖಾತ್ರಿಪಡಿಸಿಕೊಂಡ ಮೇಲೆಯೇ ವಸ್ತುವನ್ನು ಬಿಡುಗಡೆ ಮಾಡಬೇಕೆಂಬುದು ನಿಯಮ. ₹18,000ದ ಫ್ರಿಜ್ಜಿಗೆ ವಿಜೇತನು ₹5,400 ತರಬೇಕು. ಬಹುಮಾನ ಬಂತೆಂದು ಸಂತೋಷಪಟ್ಟ ಗೃಹಿಣಿಗೆ ಆ ಮೇಲೆ ಈ ಮಾತು ಹೇಳಿದರೆ ಜಗಳವೇ ಸರಿ. ಹಣ ಕೇಳುವ ನಕಲಿ ಖಾತೆಯವನಿಗೂ ನಮಗೂ ಅವರಿಗೆ ಭೇದ ತಿಳಿಯದು. ವರ್ತಕನೇ ತೆರಿಗೆ ಭರಿಸುವುದಾದರೆ ಆ ತೆರಿಗೆಯೂ ಬಹುಮಾನದ ಭಾಗವೆಂದು ಎಣಿಸುವುದು ಎಚ್ಚರಿಕೆಯ ಕ್ರಮ. ಆಗ ₹18,000ವನ್ನು 70ರಿಂದ ಭಾಗಿಸಿ 100ರಿಂದ ಗುಣಿಸಿದರೆ ಒಟ್ಟು ಮೌಲ್ಯ ₹25,714, ತೆರಿಗೆ ₹7,714. ಕಡಿತಕ್ಕೆ ಟ್ಯಾನ್ ಸಂಖ್ಯೆ ಬೇಕು; ಮುಂದಿನ ತಿಂಗಳ 7ರೊಳಗೆ ಹಣ ಕಟ್ಟಿ, ತ್ರೈಮಾಸಿಕ ವಿವರಪಟ್ಟಿ ಸಲ್ಲಿಸಬೇಕು.

ಎರಡನೆಯ ವರ್ಷ ಅದೇ ₹18,000ವನ್ನು ತಲಾ ₹6,000 ಬೆಲೆಯ ಮೂರು ಮಿಕ್ಸರ್‌ಗಳಾಗಿ ಮೂವರಿಗೆ ನೀಡಲಾಯಿತು. ಪ್ರತಿಯೊಂದೂ ಮಿತಿಯೊಳಗಿದ್ದುದರಿಂದ ಕಡಿತದ ಅಗತ್ಯ ಬರಲಿಲ್ಲ. ಒಬ್ಬನಿಗೇ ಕೊಡುವ ಒಂದು ಬಹುಮಾನವನ್ನು ಮಿತಿ ತಪ್ಪಿಸಲು ಮೂರು ಬಿಲ್ಲು ಮಾಡುವುದು ಬೇರೆ ಮಾತು, ಅದು ಸಲ್ಲದು. ಕಡಿತವಿಲ್ಲವೆಂದ ಮಾತ್ರಕ್ಕೆ ತೆರಿಗೆಯೇ ಇಲ್ಲವೆಂದೂ ಅಲ್ಲ. ಇಂತಹ ಗಳಿಕೆಗೆ ಮೂಲ ವಿನಾಯಿತಿ ಮಿತಿ ಅನ್ವಯಿಸದೆ ವಿಜೇತನ ಕೈಯಲ್ಲಿ ಶೇ. 30ರ ದರವಿದೆ ಎಂಬುದನ್ನು ನಿಯಮಪತ್ರದಲ್ಲಿ ತಿಳಿಸುವುದು ಪ್ರಾಮಾಣಿಕತೆ.

ಜಿಎಸ್‌ಟಿ ಕುರಿತು ಒಂದೇ ಮಾತು. ಕೊಡುಗೆಯಾಗಿ ನೀಡಿದ ಸರಕಿಗೆ ಕಲಂ 17(5)(ಎಚ್) ಪ್ರಕಾರ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ₹18,000ದ ಬಿಲ್ಲಿನಲ್ಲಿ ಶೇ. 18ರಂತೆ ಅಡಗಿರುವ ₹2,746ನ್ನು ಜಮೆ ಪಡೆದಿದ್ದಲ್ಲಿ ಹಿಂತಿರುಗಿಸಬೇಕು.

ನಿಯಮಪತ್ರದ ಮಾದರಿ

ನಿಯಮಪತ್ರ ಉದ್ದವಾಗಿರಬೇಕಿಲ್ಲ. ವಿಡಿಯೋದ ವಿವರಣೆಯಲ್ಲಿ ಕನ್ನಡದಲ್ಲಿಯೇ ಹಾಕಿದ ಪತ್ರದ ಸಾರಾಂಶ ಇಂತಿದೆ:

1. ಸ್ಪರ್ಧೆ ನಡೆಸುವವರ ಹೆಸರು, ವಿಳಾಸ, ಇ-ಮೇಲ್.
2. ಪ್ರವೇಶ ಉಚಿತ. ಯಾವ ಖರೀದಿಯೂ ಅಗತ್ಯವಿಲ್ಲ. ಖರೀದಿಯಿಂದ ಅವಕಾಶ ಹೆಚ್ಚುವುದೂ ಇಲ್ಲ.
3. 18 ವರ್ಷ ತುಂಬಿದ, ಕರ್ನಾಟಕದಲ್ಲಿ ವಾಸಿಸುವವರು ಭಾಗವಹಿಸಬಹುದು. ನೌಕರರು, ಪಾಲುದಾರರು, ಅವರ ಕುಟುಂಬದವರು ಮತ್ತು ಹತ್ತಿರದ ಸಂಬಂಧಿಕರು ಅನರ್ಹರು.
4. ಆರಂಭ ಮತ್ತು ಮುಕ್ತಾಯದ ದಿನಾಂಕ, ಗಂಟೆ. ಒಬ್ಬರಿಗೆ ಒಂದೇ ಪ್ರವೇಶ.
5. ಬಹುಮಾನಗಳ ಸಂಖ್ಯೆ, ಮಾದರಿ, ಬೆಲೆ. ಸಾಗಣೆ ವೆಚ್ಚ ನಮ್ಮದು. ತೆರಿಗೆಯ ಹೊಣೆ ಯಾರದೆಂಬ ವಿವರ.
6. ಆಯ್ಕೆಯ ವಿಧಾನ, ದಿನ, ಸಮಯ. ಪಟ್ಟಿ ಒಂದು ದಿನ ಮೊದಲು ಪ್ರಕಟವಾಗುವುದು.
7. ಫಲಿತಾಂಶ ಇದೇ ವಾಹಿನಿಯಲ್ಲಿ ಮಾತ್ರ ಪ್ರಕಟ. ನಾವು ಹಣ, ಓಟಿಪಿ ಅಥವಾ ಬ್ಯಾಂಕ್ ವಿವರ ಕೇಳುವುದಿಲ್ಲ. ಕೇಳಿದವರು ನಾವಲ್ಲ.
8. ವಿಜೇತರ ವಿಳಾಸವನ್ನು ಬಹುಮಾನ ತಲುಪಿಸಲು ಮಾತ್ರ ಬಳಸಲಾಗುವುದು.
9. ಈ ಸ್ಪರ್ಧೆಗೆ ಯೂಟ್ಯೂಬ್ ಪ್ರಾಯೋಜಕನಲ್ಲ, ಸಂಬಂಧಿಯೂ ಅಲ್ಲ. ಭಾಗವಹಿಸುವವರು ಅದನ್ನು ಎಲ್ಲ ಹೊಣೆಯಿಂದ ಮುಕ್ತಗೊಳಿಸುತ್ತಾರೆ. ಸಮುದಾಯ ಮಾರ್ಗಸೂಚಿಗಳ ಕೊಂಡಿ.

ಐದನೆಯ ಮತ್ತು ಏಳನೆಯ ನಿಯಮಗಳಿಗೆ ಪರಸ್ಪರ ಸಂಬಂಧವಿದೆ. ತೆರಿಗೆಯನ್ನು ವಿಜೇತನಿಂದ ಪಡೆಯುವವರು ‘ಹಣ ಕೇಳುವುದಿಲ್ಲ’ ಎಂದು ಬರೆಯಲಾರರು. ಬಹುಮಾನವನ್ನು ಮಿತಿಯೊಳಗಿಟ್ಟವರು, ಅಥವಾ ತೆರಿಗೆಯನ್ನು ತಾವೇ ಭರಿಸುವವರು ಮಾತ್ರ ಈ ವಾಕ್ಯವನ್ನು ನಿಸ್ಸಂಕೋಚವಾಗಿ ಬರೆಯಬಹುದು. ವೀಕ್ಷಕನನ್ನು ವಂಚಕರಿಂದ ಕಾಪಾಡುವ ಶಕ್ತಿ ಈ ವಾಕ್ಯಕ್ಕಿದೆಯಾದ್ದರಿಂದ ಬಹುಮಾನದ ಗಾತ್ರವನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ.

ಫಲಿತಾಂಶವನ್ನು ಸ್ಪರ್ಧೆಯನ್ನು ಘೋಷಿಸಿದ ಸ್ಥಳದಲ್ಲಿಯೇ ಪ್ರಕಟಿಸಬೇಕು. ಪತ್ರಿಕೆಯಲ್ಲಿಯೂ ಜಾಹೀರಾತು ನೀಡಿದ್ದಲ್ಲಿ ಅದೇ ಪತ್ರಿಕೆಯಲ್ಲಿ ಎದ್ದು ಕಾಣುವಂತೆ ಪ್ರಕಟಿಸುವುದು ಗ್ರಾಹಕ ಅಧಿನಿಯಮದ ನಿರೀಕ್ಷೆ.

ಎರಡನೆಯ ಸ್ಪರ್ಧೆಗೆ ಮೊದಲನೆಯದರಷ್ಟು ಚಂದಾದಾರರು ಬರಲಿಲ್ಲ ಎಂಬುದನ್ನೂ ಹೇಳಬೇಕು. ಷರತ್ತುಗಳನ್ನು ಕೈಬಿಟ್ಟಾಗ ಅದು ಸಹಜ. ಆದರೆ ಆಯ್ಕೆಯ ದಿನ ಒಬ್ಬ ವೀಕ್ಷಕರು ‘ಸಂಬಂಧಿಕರಿಗೇ ಕೊಟ್ಟಿರಬೇಕು’ ಎಂದು ಬರೆದಾಗ ಕಕ್ಷಿದಾರರು ಏನನ್ನೂ ಅಳಿಸಲಿಲ್ಲ. ಪಟ್ಟಿಯ ಮತ್ತು ವಿಡಿಯೋದ ಕೊಂಡಿಯನ್ನು ಅದರ ಕೆಳಗೆ ಹಾಕಿದರು. ಹಿಂದೆ ಬೇಡಿಕೆ ನಿಲ್ಲಿಸಿದ್ದ ಇಬ್ಬರು ವರ್ತಕರಲ್ಲಿ ಒಬ್ಬರು ಆ ತಿಂಗಳು ಮತ್ತೆ ಸರಕು ತರಿಸಿಕೊಂಡಿದ್ದಾರೆ. ಇನ್ನೊಬ್ಬರು ಇನ್ನೂ ಬಂದಿಲ್ಲ.